ಮೂರು ಚೀಲ ಯೂರಿಯಾ, ಸೊನ್ನೆ ಪೊಟ್ಯಾಷ್: ನಮ್ಮ ಮೆಕ್ಕೆಜೋಳದ ಹೊಲದ ಲೆಕ್ಕ

ಹಾಸನ ತಾಲ್ಲೂಕಿನ ನಮ್ಮ ಕಡೆ ಆಲೂಗಡ್ಡೆ ಕಮ್ಮಿಯಾದ ಮೇಲೆ ಹೊಲಕ್ಕೆಲ್ಲ ಮೆಕ್ಕೆಜೋಳವೇ ಬಂದಿದೆ. ಎಕರೆಗೆ ಎಷ್ಟು ಗೊಬ್ಬರ ಹಾಕ್ತೀರಿ ಅಂತ ಯಾರನ್ನಾದರೂ ಕೇಳಿ. ಹೆಚ್ಚಿನವರ ಉತ್ತರ ಒಂದೇ. ಬಿತ್ತುವಾಗ ಒಂದು ಚೀಲ ಡಿಎಪಿ, ಆಮೇಲೆ ಎರಡು ಸಲಕ್ಕೆ ಸೇರಿ ಮೂರು ಚೀಲ ಯೂರಿಯಾ. ಪೊಟ್ಯಾಷ್ ಹೆಸರು ಯಾರೂ ಎತ್ತೋದಿಲ್ಲ. ನಮ್ಮ ರೈತರಿಗೆ ತಿಳುವಳಿಕೆ ಇಲ್ಲ ಅಂತ ಅನೇಕರು ಹೇಳ್ತಾರೆ. ನಾನು ಅದನ್ನು ಒಪ್ಪೋದಿಲ್ಲ. ಅಂಗಡಿಯಲ್ಲಿರುವ ಬೆಲೆ ಹೇಗೆ ಹೇಳುತ್ತೋ ಹಾಗೇ ರೈತ ಮಾಡ್ತಾನೆ. ಆ ಬೆಲೆಯನ್ನು ಬಿಚ್ಚಿ ನೋಡಿದ ಮೇಲೆ ನನ್ನ ಹೊಲದ ಗೊಬ್ಬರದ ಲೆಕ್ಕವೇ ಬದಲಾಯಿತು.

ಮೊದಲು ಮಾಡಿದ ಕೆಲಸ ಇಷ್ಟೇ. ಚೀಲದ ಬೆಲೆ ಬಿಟ್ಟು, ಒಳಗಿರುವ ಪೋಷಕಾಂಶದ ಕೆ.ಜಿ. ಬೆಲೆ ತೆಗೆದೆ. ಯೂರಿಯಾ ಚೀಲ 45 ಕೆ.ಜಿ., ಬೆಲೆ ಸುಮಾರು ₹266. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ 20.7 ಕೆ.ಜಿ. ಕೆ.ಜಿ.ಗೆ ₹13 ಬಿತ್ತು. ಡಿಎಪಿ 50 ಕೆ.ಜಿ. ಚೀಲಕ್ಕೆ ₹1,350. ಅದರಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ. ಸಾರಜನಕಕ್ಕೆ ಯೂರಿಯಾದ ಬೆಲೆಯನ್ನೇ ಹಿಡಿದು ಕಳೆದರೆ ರಂಜಕ ಕೆ.ಜಿ.ಗೆ ₹53 ಚಿಲ್ಲರೆ. ಪೊಟ್ಯಾಷ್ ಚೀಲವನ್ನು ನಾನು ₹1,700ರ ಆಸುಪಾಸು ಕೊಂಡಿದ್ದೆ. ಅದರಲ್ಲಿ 30 ಕೆ.ಜಿ. ಪೊಟ್ಯಾಷ್ ಅಂಶ, ಕೆ.ಜಿ.ಗೆ ₹57ರಷ್ಟು. ಅಂದರೆ ಸಾರಜನಕಕ್ಕೆ ಕೊಡೋದರ ನಾಲ್ಕು ಪಟ್ಟು ಉಳಿದೆರಡಕ್ಕೂ ಕೊಡಬೇಕು.

ಇದು ಮೊದಲಿಂದ ಹೀಗಿರಲಿಲ್ಲ. 2010ಕ್ಕೆ ಮುಂಚೆ ಡಿಎಪಿ ಚೀಲ ₹470ರ ಒಳಗಿತ್ತು, ಪೊಟ್ಯಾಷ್ ಸುಮಾರು ₹223. ಆ ವರ್ಷ ಕೇಂದ್ರ ಸರ್ಕಾರ ಸಬ್ಸಿಡಿಯ ರೀತಿ ಬದಲಿಸಿತು. ಡಿಎಪಿ, ಪೊಟ್ಯಾಷ್‌ಗೆ ಪೋಷಕಾಂಶದ ಕೆ.ಜಿ.ಗೆ ಇಂತಿಷ್ಟು ಅಂತ ಸಹಾಯಧನ ಗೊತ್ತುಮಾಡಿ, ಮಾರುವ ಬೆಲೆಯನ್ನು ಕಂಪನಿಗಳಿಗೆ ಬಿಟ್ಟಿತು. ಯೂರಿಯಾವನ್ನು ಮಾತ್ರ ಇದರಿಂದ ಹೊರಗಿಟ್ಟಿತು. ಅದರ ಬೆಲೆಯನ್ನು ಸರ್ಕಾರವೇ ಕಟ್ಟಿ ಹಾಕಿತು. ವಿದೇಶದ ಬೆಲೆ ಏರಿದಾಗ ಎರಡು ಗೊಬ್ಬರ ಏರಿದವು, ಒಂದು ನಿಂತಲ್ಲೇ ನಿಂತಿತು. ಜೋಳಕ್ಕೆ ಮೂರೂ ಬೇಕು. ಆದರೆ ಕೈಯಲ್ಲಿ ಹಣ ಕಡಿಮೆ ಇರುವವನು ಯಾವುದನ್ನು ಜಾಸ್ತಿ ಹಾಕ್ತಾನೆ ಅಂತ ಬೇರೆ ಹೇಳಬೇಕಾ?

ಆಮೇಲೆ ನಿಜವಾಗಿ ಎಷ್ಟು ಬೇಕು ಅಂತ ನೋಡಿದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 25 ಕೆ.ಜಿ. ಎಕರೆಗೆ 40, 20, 10. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ನಮ್ಮ ಹೊಲಕ್ಕೆ ಈ ಲೆಕ್ಕ ನಡೆಯುತ್ತೆ ಅಂತ ಖಚಿತ ಮಾಡಿಕೊಂಡೆ. 20 ಕೆ.ಜಿ. ರಂಜಕಕ್ಕೆ 44 ಕೆ.ಜಿ. ಡಿಎಪಿ ಸಾಕು. ಅದರ ಜೊತೆಗೇ ಸುಮಾರು 8 ಕೆ.ಜಿ. ಸಾರಜನಕ ಬರುತ್ತೆ. ಉಳಿದ 32 ಕೆ.ಜಿ.ಗೆ ಯೂರಿಯಾ 70 ಕೆ.ಜಿ., ಒಂದೂವರೆ ಚೀಲ. 10 ಕೆ.ಜಿ. ಪೊಟ್ಯಾಷ್ ಅಂಶಕ್ಕೆ ಪೊಟ್ಯಾಷ್ ಗೊಬ್ಬರ 17 ಕೆ.ಜಿ. ಊರವರ ಲೆಕ್ಕದಲ್ಲಿ ಎಕರೆಗೆ ಬೀಳೋದು 71 ಕೆ.ಜಿ. ಸಾರಜನಕ. ಬೇಕಾದ್ದು 40.

ಈಗ ಖರ್ಚು ನೋಡಿ. ಊರವರ ಪದ್ಧತಿ: ಮೂರು ಯೂರಿಯಾ ₹800, ಡಿಎಪಿ ₹1,350, ಒಟ್ಟು ₹2,150. ನನ್ನದು: ಯೂರಿಯಾ ₹400, ಡಿಎಪಿ ₹1,180, ಪೊಟ್ಯಾಷ್ ₹580, ಒಟ್ಟು ₹2,160. ಹೆಚ್ಚೂಕಡಿಮೆ ಒಂದೇ! ಒಂದೂವರೆ ಚೀಲ ಯೂರಿಯಾ ಬಿಟ್ಟದ್ದಕ್ಕೆ ನನ್ನ ಜೇಬಿಗೆ ಉಳಿದದ್ದು ₹400, ಅದನ್ನು ಪೊಟ್ಯಾಷ್ ನುಂಗಿತು. ಒಂದು ಚೀಲ ಯೂರಿಯಾದ ನಿಜವಾದ ಖರ್ಚು ₹2,200ರಷ್ಟು ಅಂತ 2023ರಲ್ಲಿ ಕೇಂದ್ರ ಸರ್ಕಾರವೇ ಹೇಳಿತ್ತು. ಆ ಲೆಕ್ಕದಲ್ಲಿ ನಾನು ಬಿಟ್ಟ ಒಂದೂವರೆ ಚೀಲದಿಂದ ಬೊಕ್ಕಸಕ್ಕೆ ಎಕರೆಗೆ ಸುಮಾರು ₹2,900 ಉಳಿಯಿತು. ಸರಿಯಾಗಿ ಹಾಕಿದವನಿಗೆ ಅದರಲ್ಲಿ ಒಂದು ಬಿಡಿಗಾಸೂ ಇಲ್ಲ. ನನಗೆ ಬೇಜಾರು ತರಿಸುವುದು ಇದೇ.

ಹಾಕುವ ರೀತಿಯನ್ನೂ ಬದಲಿಸಿದೆ. ಡಿಎಪಿ, ಪೊಟ್ಯಾಷ್ ಪೂರ್ತಿ ಬಿತ್ತುವಾಗಲೇ ಸಾಲಿಗೆ, ಜೊತೆಗೆ ಸ್ವಲ್ಪ ಯೂರಿಯಾ. ಉಳಿದ ಯೂರಿಯಾ ಒಂದು ತಿಂಗಳ ಪೈರಿಗೆ. ನೆಲ ಹಸಿ ಇದ್ದಾಗ ಹಾಕಿ ಕೂಡಲೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸ್ತೇನೆ. ಮೇಲೆ ಎರಚಿ ಬಿಟ್ಟು ಬಿಸಿಲು ಬಂದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಯೂರಿಯಾ ಅಗ್ಗ ಇರುವುದರಿಂದ ಮಣ್ಣು ಮುಚ್ಚುವ ಕೂಲಿಗಿಂತ ಇನ್ನೊಂದು ಚೀಲ ಎರಚುವುದೇ ಸಲೀಸು ಅನಿಸಿಬಿಡುತ್ತೆ.

ಹೊಲದ ಒಂದು ಪಟ್ಟಿಯಲ್ಲಿ ಊರವರ ಪದ್ಧತಿಯನ್ನೇ ಉಳಿಸಿಕೊಂಡು ಹೋಲಿಸಿದೆ. ಆ ಪಟ್ಟಿ ಕಪ್ಪು ಹಸಿರಾಗಿ, ಎತ್ತರಕ್ಕೆ ಬೆಳೆಯಿತು. ನೋಡಿದವರೆಲ್ಲ ಅದನ್ನೇ ಹೊಗಳಿದರು. ಆದರೆ ಕೆಳಗಿನ ಎಲೆಗಳ ಅಂಚು ಸುಟ್ಟ ಹಾಗೆ ಕಂದು ಆಗಿತ್ತು. ಅದು ಪೊಟ್ಯಾಷ್ ಕೊರತೆಯ ಗುರುತು. ಸಾರಜನಕ ಕಡಿಮೆಯಾದರೆ ಬೇರೆ ಥರ, ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಇಳಿಯುತ್ತೆ. ಗಾಳಿ ಮಳೆ ಬಂದಾಗ ಆ ಪಟ್ಟಿಯ ದಂಟುಗಳೇ ಜಾಸ್ತಿ ಒರಗಿದವು. ಕಾಳಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಮಾರುಕಟ್ಟೆಯಲ್ಲಿ ಆಗುವುದನ್ನೂ ಹೇಳಬೇಕು. ಬೆಲೆ ಏರುವ ಹಾಗಿಲ್ಲ ಅಂದರೆ, ಮಾಲು ಕಡಿಮೆಯಾದಾಗ ಆ ಕೊರತೆ ಬೇರೆ ದಾರಿಯಲ್ಲಿ ಹೊರಗೆ ಬರುತ್ತೆ. ಒಂದು, ಕ್ಯೂ. ಮೇಲುಗೊಬ್ಬರದ ಹೊತ್ತಿಗೆ ಒಂದು ದಿನದ ಕೂಲಿ ಬಿಟ್ಟು ನಿಲ್ಲುವುದೂ ಬೆಲೆಯೇ ಅಲ್ವಾ? ಎರಡು, ತಗಲಿ ಹಾಕಿ ಮಾರುವುದು. "ಅಣ್ಣಾ, ಯೂರಿಯಾ ಬೇಕಂದ್ರೆ ಈ ಬಾಟ್ಲಿನೂ ತಗೋಬೇಕು" ಅಂತ ಒಂದು ಅಂಗಡಿಯಲ್ಲಿ ನನಗೇ ಹೇಳಿದ್ದರು. ಮೂರು, ಕೂಡಿಡುವುದು. ನಮ್ಮ ಚಿಕ್ಕಪ್ಪ ಹೇಳ್ತಾರೆ, "ಸಿಕ್ಕಾಗ ತಂದಿಟ್ಕೋಬೇಕು ಕಣಪ್ಪಾ, ಆಮೇಲೆ ಸಿಗಲ್ಲ." ಎಲ್ಲರೂ ಹೀಗೆ ತಂದಿಟ್ಟರೆ ನಿಜಕ್ಕೂ ಸಿಗೋದಿಲ್ಲ. ಇನ್ನೊಂದು ಸೋರಿಕೆ ಕಾರ್ಖಾನೆಗಳಿಗೆ. ಪ್ಲೈವುಡ್‌ನ ಅಂಟಿಗೆ ಯೂರಿಯಾ ಬೇಕು. ಅವರು ಕೊಳ್ಳಬೇಕಾದ ಯೂರಿಯಾಕ್ಕೆ ಸಬ್ಸಿಡಿ ಇಲ್ಲ. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪನ ಕಡ್ಡಾಯವಾದದ್ದಕ್ಕೆ ಇದನ್ನು ತಡೆಯುವುದೂ ಒಂದು ಕಾರಣ. ಬೆಲೆಯ ಅಂತರ ಇಷ್ಟಿರುವವರೆಗೆ ಆ ಆಸೆ ಹೋಗೋದಿಲ್ಲ.

ಹಾಗಾದರೆ ಲಾಭ ಯಾರಿಗೆ? ರೈತನಿಗೆ ಸಿಗುತ್ತೆ, ಅದು ಸುಳ್ಳಲ್ಲ. ಆದರೆ ಎಷ್ಟು ಚೀಲವೋ ಅಷ್ಟು ಸಬ್ಸಿಡಿ. ಹತ್ತು ಎಕರೆ ನೀರಾವರಿ ಇರುವವನಿಗೆ ರಾಶಿ, ಒಂದು ಎಕರೆ ರಾಗಿ ಬೆಳೆಯುವವನಿಗೆ ಚಿಟಿಕೆ. ಹಣ ಹೋಗುವುದು ಗೊಬ್ಬರ ಕಂಪನಿಯ ಖಾತೆಗೆ. ನಾವು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಚೀಲ ಕೊಂಡ ಮೇಲೆ ಅವರಿಗೆ ಲೆಕ್ಕ ಸಂದಾಯವಾಗುತ್ತೆ. ಯೂರಿಯಾ ಕಾರ್ಖಾನೆಗಳಿಗೆ ಅವುಗಳ ಖರ್ಚು ನೋಡಿ ಸಹಾಯಧನ ಕೊಡುವುದರಿಂದ, ದುಬಾರಿಯಾಗಿ ತಯಾರಿಸುವವರೂ ನಡೆದುಕೊಂಡು ಹೋಗ್ತಾರೆ.

ಸಬ್ಸಿಡಿ ಒಮ್ಮೆಲೇ ತೆಗೆಯಬೇಕು ಅಂತ ನಾನು ಹೇಳೋದಿಲ್ಲ. ₹2,200 ಕೊಟ್ಟು ಚೀಲ ಕೊಳ್ಳಲು ನಮ್ಮ ಹೋಬಳಿಯ ಸಣ್ಣ ರೈತರಿಗೆ ಆಗೋದಿಲ್ಲ. ಅದೇ ಹಣವನ್ನು ಎಕರೆ ಲೆಕ್ಕದಲ್ಲಿ ರೈತನ ಖಾತೆಗೆ ಹಾಕಿ, ಮೂರೂ ಗೊಬ್ಬರದ ಬೆಲೆ ನಿಧಾನವಾಗಿ ಸರಿದೂಗಿಸಿದರೆ, ಕಡಿಮೆ ಯೂರಿಯಾ ಹಾಕಿದವನಿಗೆ ಉಳಿದದ್ದು ಅವನ ಹತ್ತಿರವೇ ಇರುತ್ತೆ. ಇದರಲ್ಲಿ ಒಂದು ತೊಡಕು ಖಂಡಿತ ಇದೆ. ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವನಿಗೆ. ನಮ್ಮ ಸುತ್ತ ಶುಂಠಿ, ಜೋಳ ಬೆಳೆಯುವ ಎಷ್ಟೋ ಜನ ಬರೀ ಬಾಯಿಮಾತಿನ ಗುತ್ತಿಗೆಯ ಮೇಲೆ ಉಳುವವರು. ಗೊಬ್ಬರ ಕೊಳ್ಳುವುದು ಅವರು, ಪಹಣಿ ಇರುವುದು ಬೆಂಗಳೂರಿನಲ್ಲಿರುವ ಮಾಲೀಕರ ಹೆಸರಿನಲ್ಲಿ. ಈಗಿನ ಚೀಲದ ಸಬ್ಸಿಡಿಯಾದರೂ ಅವರ ಕೈಗೆ ಸೇರುತ್ತಿದೆ. ಗುತ್ತಿಗೆಯನ್ನು ಬರಹದಲ್ಲಿ ದಾಖಲಿಸುವ ಸುಲಭದ ದಾರಿ ಮಾಡದೆ ಖಾತೆಗೆ ಹಣ ಅಂತ ಹೊರಟರೆ, ಮೊದಲು ಬೀಳುವುದು ಅವರೇ.