ಕನಿಷ್ಠ ಒಂದು ಕೆಂಪು: ನೇರ ಎಣಿಕೆಯೋ, ಪೂರಕ ಘಟನೆಯೋ?

ಪಿಯುಸಿ ಮಕ್ಕಳಿಗೆ ಸಂಭವನೀಯತೆ ಹೇಳಿಕೊಡುವಾಗ ನಾನು ಎಲ್ಲ ಪ್ರಶ್ನೆಗಳಿಗೂ ಒಂದೇ ಚೀಲ ಇಟ್ಟುಕೊಳ್ಳುತ್ತೇನೆ. ಅದರಲ್ಲಿ 5 ಕೆಂಪು, 4 ನೀಲಿ, 3 ಹಸಿರು ಚೆಂಡುಗಳಿವೆ. ನೋಡದೆ ಒಟ್ಟಿಗೆ 3 ಚೆಂಡು ತೆಗೆಯಬೇಕು. 12ರಲ್ಲಿ 3 ಆರಿಸಲು 220 ಬಗೆಗಳಿವೆ.

‘ಕನಿಷ್ಠ ಒಂದು ಕೆಂಪು ಬರುವ ಸಂಭವನೀಯತೆ ಎಷ್ಟು?’ ಎಂದು ಕೇಳಿದ ಕೂಡಲೇ ಯಾರಾದರೂ ಹೀಗೆ ಬರೆಯುತ್ತಾರೆ: ಮೊದಲು ಒಂದು ಕೆಂಪು ತೆಗೆದಿಟ್ಟರಾಯಿತು, ಅದಕ್ಕೆ 5 ಬಗೆ, ಉಳಿದ 11ರಲ್ಲಿ ಯಾವುದಾದರೂ 2, ಅದಕ್ಕೆ 55 ಬಗೆ, ಗುಣಿಸಿದರೆ 275. ಇರುವುದೇ 220, ಬಂದದ್ದು 275! ಸಂಭವನೀಯತೆ 1 ದಾಟಿತು ಎಂದರೆ ಒಂದೇ ಆಯ್ಕೆಯನ್ನು ಹಲವು ಸಲ ಎಣಿಸಿದ್ದೇವೆ ಎಂದರ್ಥ. ಕೆಂಪು-1, ಕೆಂಪು-2 ಮತ್ತು ಒಂದು ನೀಲಿ ಬಂದಿದೆ ಎನ್ನಿ. ಕೆಂಪು-1 ಅನ್ನು ‘ಮೊದಲು ತೆಗೆದದ್ದು’ ಎಂದು ಒಮ್ಮೆ, ಕೆಂಪು-2 ಅನ್ನು ಹಾಗೆಂದು ಇನ್ನೊಮ್ಮೆ, ಅದೇ ಮೂರು ಚೆಂಡು ಎರಡು ಸಲ ಲೆಕ್ಕಕ್ಕೆ ಬಂದವು. ಮೂರೂ ಕೆಂಪಾದರೆ ಮೂರು ಸಲ. ಚೀಲದಲ್ಲಿ ಕೆಂಪು ಕಡಿಮೆ ಇದ್ದರೆ ಈ ತಪ್ಪು 1 ದಾಟದೆ ಒಳಗೇ ಅಡಗಿಬಿಡುತ್ತದೆ. ಅದಕ್ಕೇ 5 ಕೆಂಪು ಇಟ್ಟಿದ್ದೇನೆ.

ಸರಿಯಾಗಿ ನೇರ ಎಣಿಸಬೇಕಾದರೆ ಎಷ್ಟು ಕೆಂಪು ಬಂದಿವೆ ಎಂದು ಸಂದರ್ಭಗಳಾಗಿ ಬಿಡಿಸಿಕೊಳ್ಳಬೇಕು. ಒಂದೇ ಒಂದು ಕೆಂಪು: 5 × 21 = 105. ಎರಡು ಕೆಂಪು: 10 × 7 = 70. ಮೂರು: 10. ಒಟ್ಟು 185. ಪೂರಕ ಎಂದರೆ ಕೇಳಿದ್ದು ಆಗದಿರುವುದು, ಅದರಲ್ಲಾದರೆ ‘ಒಂದೂ ಕೆಂಪಿಲ್ಲ’ ಎಂಬ ಒಂದೇ ಸಂದರ್ಭ: ಉಳಿದ 7ರಲ್ಲಿ 3 ಆರಿಸಲು 35 ಬಗೆ. 220 − 35 = 185. ಉತ್ತರ 185/220, ಅಂದರೆ 37/44. ಒಮ್ಮೆಯಾದರೂ ಎರಡೂ ದಾರಿಯಲ್ಲಿ ಮಾಡಿಸುತ್ತೇನೆ, ಉತ್ತರ ತಾಳೆಯಾದಾಗ ಮಕ್ಕಳಿಗೆ ಧೈರ್ಯ ಬರುತ್ತದೆ.

ದಾರಿ ಆರಿಸಲು ನಾನು ಮಾಡುವುದಿಷ್ಟೇ: ಎರಡೂ ಕಡೆ ಎಷ್ಟು ಸಂದರ್ಭಗಳಿವೆ ಎಂದು ನೋಡುತ್ತೇನೆ. 52 ಎಲೆಗಳ ಇಸ್ಪೀಟು ಕಟ್ಟಿನಿಂದ 5 ಎಲೆ ತೆಗೆದಾಗ ಕನಿಷ್ಠ ಒಂದು ಎಕ್ಕ ಬರಬೇಕೆಂದರೆ ನೇರದಲ್ಲಿ ನಾಲ್ಕು ಸಂದರ್ಭ, ಪೂರಕದಲ್ಲಿ ಒಂದೇ. ಅಲ್ಲಿ ಯೋಚನೆಯೇ ಬೇಡ. ಆದರೆ ನಮ್ಮ ಚೀಲದಲ್ಲಿ ‘ಕನಿಷ್ಠ ಎರಡು ಕೆಂಪು’ ಎಂದರೆ ಎರಡೂ ಕಡೆ ಎರಡೆರಡು ಸಂದರ್ಭ. ಆಗ ನಾನು ನೇರವಾಗಿಯೇ ಎಣಿಸುತ್ತೇನೆ, 70 + 10 = 80; ಕೊನೆಗೆ ಕಳೆಯುವುದನ್ನು ಮರೆಯುವ ಭಯವಿಲ್ಲ.

ಪೂರಕ ನಿಜಕ್ಕೂ ಕೈಕೊಡುವುದು ‘ಮೂರೂ ಬೇರೆ ಬೇರೆ ಬಣ್ಣ’ ಎಂಬಲ್ಲಿ. ಇದರ ವಿರುದ್ಧ ‘ಮೂರೂ ಒಂದೇ ಬಣ್ಣ’ ಎಂದು ಮಕ್ಕಳು ತಟ್ಟನೆ ಬರೆಯುತ್ತಾರೆ: 10 + 4 + 1 = 15, ಆದ್ದರಿಂದ 205. ನೇರವಾಗಿ ಎಣಿಸಿದರೆ ಬರುವುದು 5 × 4 × 3 = 60 ಮಾತ್ರ. ಮಿಕ್ಕ 145 ಎಲ್ಲಿ? ಎರಡು ಒಂದೇ ಬಣ್ಣ, ಒಂದು ಬೇರೆ ಬಣ್ಣ ಬಂದ ಆಯ್ಕೆಗಳವು: 70 + 48 + 27. ಹಾಗಾಗಿ ಪೂರಕ ಬಳಸುವ ಮುನ್ನ ‘ಹಾಗೆ ಆಗದಿದ್ದರೆ ಏನೇನು ಆಗಬಹುದು?’ ಎಂಬುದನ್ನು ಪೂರ್ತಿ ವಾಕ್ಯದಲ್ಲಿ ಬರೆಸುತ್ತೇನೆ, ಆಮೇಲಷ್ಟೇ ಅಂಕಿಗಳು.