ಕೇಳದೇ ವಾಲೆಟ್‌ಗೆ ಬಂದ ಟೋಕನ್: ಮಾರಲು ಹೋದರೆ ಏನಾಗುತ್ತದೆ?

ನೀವು ಕೊಳ್ಳದ 12,000 ಟೋಕನ್‌ಗಳು ಒಂದು ದಿನ ನಿಮ್ಮ ಎಥೀರಿಯಮ್ ವಾಲೆಟ್‌ನಲ್ಲಿ ಕಾಣಿಸಿಕೊಂಡು, ಅವುಗಳ ಪಕ್ಕದಲ್ಲಿ 1,800 ಡಾಲರ್ ಎಂಬ ಬೆಲೆಯೂ ಇದೆ ಎಂದುಕೊಳ್ಳಿ. ಯಾರೋ ವಾಲೆಟ್‌ಗೆ ನುಗ್ಗಿದ್ದಾರೆಂದು ಗಾಬರಿಪಡಬೇಕಿಲ್ಲ. ಟೋಕನ್ ಎಂದರೆ ಅದನ್ನು ಸೃಷ್ಟಿಸಿದವರು ಎಥೀರಿಯಮ್ ಮೇಲೆ ಇರಿಸಿದ ಪ್ರೋಗ್ರಾಮ್ ಆದ ಕಾಂಟ್ರಾಕ್ಟ್‌ನಲ್ಲಿ ನಿಮ್ಮ ವಿಳಾಸದ ಎದುರು ಬರೆದಿಟ್ಟ ಅಂಕಿ ಮಾತ್ರ. ಅದನ್ನು ಬರೆಯಲು ನಿಮ್ಮ ಒಪ್ಪಿಗೆ ಬೇಕಿಲ್ಲ. ಬರೆದ ಮಾತ್ರಕ್ಕೆ ನಿಮ್ಮ ಉಳಿದ ಹಣಕ್ಕೆ ಏನೂ ಆಗುವುದೂ ಇಲ್ಲ.

ಮೊದಲು ಆ ಬೆಲೆ ಎಲ್ಲಿಂದ ಬಂತೆಂದು ನೋಡಿ. ಟೋಕನ್ ಮಾಡಿದವರೇ ವಿನಿಮಯ ತಾಣದಲ್ಲಿ ಒಂದು ಪೂಲ್, ಅಂದರೆ ಅದಲುಬದಲಿಗೆಂದು ಎರಡು ಬಗೆಯ ಹಣ ಕೂಡಿಟ್ಟ ನಿಧಿ, ತೆರೆದು, ಅದರಲ್ಲಿ ತಮ್ಮ ಟೋಕನ್ ಜೊತೆ ಸ್ವಲ್ಪ ಈಥರ್ ಇಟ್ಟರೆ, ಅವೆರಡರ ಅನುಪಾತವನ್ನೇ ವಾಲೆಟ್ ಬೆಲೆಯೆಂದು ತೋರಿಸಬಹುದು. ಪೂಲ್‌ನಲ್ಲಿರುವ ಈಥರ್ 200 ಡಾಲರಿನಷ್ಟೇ ಆಗಿದ್ದರೆ ಅಲ್ಲಿಂದ 1,800 ಡಾಲರ್ ಹೊರಬರಲು ಸಾಧ್ಯವೇ ಇಲ್ಲ. ನಂತರ ಎಥೀರಿಯಮ್ ವಹಿವಾಟುಗಳನ್ನು ತೋರಿಸುವ Etherscan ತಾಣದಲ್ಲಿ ಆ ಟೋಕನ್‌ನ ಪುಟ ತೆರೆಯಿರಿ. ಒಂದೇ ಹೊತ್ತಿನಲ್ಲಿ ನೂರಾರು ವಿಳಾಸಗಳಿಗೆ ಹಂಚಿಕೆಯಾಗಿದ್ದು, ಪಡೆದವರಲ್ಲಿ ಯಾರೂ ಮಾರಿಲ್ಲವೆಂದರೆ ಅದು ಬಲವಾದ ಸುಳಿವು.

ಇಷ್ಟಾದರೂ ಮಾರಲು ಹೋದವರಿಗೆ ಮೊದಲ ಹೆಜ್ಜೆಯಾದ approve ಸಲೀಸಾಗಿ ಮುಗಿಯುತ್ತದೆ, ಏಕೆಂದರೆ ಅದು ಅನುಮತಿಯನ್ನು ಬರೆದಿಡುವುದಷ್ಟೇ. ತೊಡಕಾಗುವುದು ಎರಡನೆಯದರಲ್ಲಿ: ವಿನಿಮಯ ತಾಣವು ಟೋಕನ್ ಎತ್ತಿಕೊಳ್ಳಲು ಹೋದಾಗ, ಕಾಂಟ್ರಾಕ್ಟ್‌ನಲ್ಲಿ ಅಡಗಿರುವ ಇಂಥದೊಂದು ಸಾಲು ಅಡ್ಡ ಬರುತ್ತದೆ.

```
require(allowed[from]);
```

ಮಾಡಿದವರ ಪಟ್ಟಿಯಲ್ಲಿರುವ ವಿಳಾಸಗಳು ಮಾತ್ರ ಟೋಕನ್ ಕಳುಹಿಸಬಹುದು ಎಂಬುದು ಇದರ ಅರ್ಥ. ಪರದೆಯ ಮೇಲೆ TRANSFER_FROM_FAILED ಎಂಬಂಥ ಸಂದೇಶ ಬರುತ್ತದೆ. ಬೆಲೆಯ ವ್ಯತ್ಯಾಸಕ್ಕೆ ನೀವು ಒಪ್ಪುವ ಮಿತಿಯಾದ ಸ್ಲಿಪ್ಪೇಜ್ ಹೆಚ್ಚಿಸಿದರೂ, ನಿಮ್ಮದೇ ಇನ್ನೊಂದು ವಾಲೆಟ್‌ಗೆ ಕಳುಹಿಸಲು ನೋಡಿದರೂ ಅದೇ ಸಾಲು ತಡೆಯುತ್ತದೆ, ಮತ್ತು ವಿಫಲವಾದ ವಹಿವಾಟಿಗೆ ತೆತ್ತ ಗ್ಯಾಸ್ ಶುಲ್ಕ ಮರಳುವುದಿಲ್ಲ.

ನಿಜವಾದ ಅಪಾಯ ಇಲ್ಲಿಂದ ಮುಂದಿದೆ. ಟೋಕನ್‌ನ ಹೆಸರಿನಲ್ಲೋ ವೈಫಲ್ಯದ ಸಂದೇಶದಲ್ಲೋ ಒಂದು ಜಾಲತಾಣದ ವಿಳಾಸವಿರಬಹುದು. ಮಾರಲಾಗದೆ ಬೇಸತ್ತವರು ಅಲ್ಲಿಗೆ ಹೋಗಿ Claim ಒತ್ತಿದಾಗ ತೆರೆಯುವ ವಾಲೆಟ್ ಕಿಟಕಿಯನ್ನು ದಯವಿಟ್ಟು ಸಾಲುಸಾಲಾಗಿ ಓದಿ. ಅಲ್ಲಿರುವುದೂ approve ಆಗಿರಬಹುದು, ಆದರೆ ಕಾಂಟ್ರಾಕ್ಟ್ ವಿಳಾಸ ನಿಮ್ಮಲ್ಲಿರುವ ಅಸಲಿ USDTಯದ್ದು, ಅನುಮತಿ ಪಡೆಯುವವರು ಅಪರಿಚಿತರು, ಮೊತ್ತಕ್ಕೆ ಮಿತಿಯೇ ಇಲ್ಲ. ಒಪ್ಪಿದರೆ, ಮತ್ತೆ ನಿಮ್ಮನ್ನು ಕೇಳದೆಯೇ ಅವರು ಆ ಹಣವನ್ನು ಎತ್ತಬಹುದು. ಇಂಥದೇ ಅನುಮತಿಯನ್ನು ಬರೀ ಸಹಿಯಿಂದ ಕೊಡುವ Permitಗೆ ಶುಲ್ಕವೂ ಇಲ್ಲದಿರುವುದರಿಂದ ಅನೇಕರು ಅದನ್ನು ನಿರುಪದ್ರವಿಯೆಂದು ಭಾವಿಸುತ್ತಾರೆ. ಕೆಲವು ಟೋಕನ್‌ಗಳಲ್ಲಿ ಅದೂ ಇಷ್ಟೇ ಹಾನಿ ಮಾಡಬಲ್ಲದು.

ಆಗಲೇ ಒಪ್ಪಿಬಿಟ್ಟಿದ್ದರೆ ಉಳಿದ ಹಣವನ್ನು ತಡಮಾಡದೆ ಹೊಸ ವಾಲೆಟ್‌ಗೆ ಸಾಗಿಸಿ, ಬಳಿಕ Etherscanನ Token Approvals ಪುಟದಲ್ಲಿ ಆ ಅನುಮತಿಯನ್ನು Revoke ಮಾಡಿ. ವಾಲೆಟ್ ತೆರೆಯುವ ಗುಪ್ತ ಪದಗಳ ಸಾಲನ್ನೇ ಆ ತಾಣದಲ್ಲಿ ಟೈಪ್ ಮಾಡಿದ್ದರೆ Revoke ಸಾಲದು. ಹೊಸ ವಾಲೆಟ್ ಹೊಸ ಪದಗಳಿಂದಲೇ ಆಗಬೇಕು.

ಏನನ್ನೂ ಒಪ್ಪಿಲ್ಲವಾದರೆ, ವಾಲೆಟ್‌ನಲ್ಲಿ ಆ ಟೋಕನ್ ಕಣ್ಣಿಗೆ ಕಾಣದಂತೆ ಮರೆಮಾಡಿದರೆ ಸಾಕು. ಅದು ನಿಮ್ಮ ಪರದೆಯಲ್ಲಷ್ಟೇ ನಡೆಯುವ ಬದಲಾವಣೆಯಾದ್ದರಿಂದ ಸಹಿಯೂ ಬೇಡ, ಶುಲ್ಕವೂ ಇಲ್ಲ.