ಹಸಿರಿನಲ್ಲೇ ಸೊರಗುತ್ತಿದ್ದ ಮಗು: ಝಡ್ ಸ್ಕೋರ್ ಬರೆಯುವ ನನ್ನ ರೀತಿ

"ಹಸಿರಲ್ಲೇ ಇದೆಯಲ್ಲ ಸಿಸ್ಟರ್, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಾ?" ಶ್ರೀನಿವಾಸಪುರದ ಕಡೆಯ ಒಂದು ಗಂಡು ಮಗುವಿನ ಬೆಳವಣಿಗೆ ಕಾರ್ಡ್ ಹಿಡಿದು ನಿಂತಾಗ ಜೊತೆಯವರು ಹೀಗೆ ನಕ್ಕಿದ್ದರು. ಈಗ ಅವರೂ ನನ್ನ ಹಾಗೇ ಬರೆಯುತ್ತಾರೆ.

ಆ ಮಗು 6 ತಿಂಗಳಿಗೆ 7.5 ಕೆಜಿ ಇತ್ತು. 9 ತಿಂಗಳಿಗೂ ಅದೇ 7.5. ಝಡ್ ಸ್ಕೋರ್ ಅಂದರೆ ಅದೇ ವಯಸ್ಸಿನ ಮಕ್ಕಳ ಮಧ್ಯದ ಅಳತೆಯಿಂದ ಈ ಮಗು ಎಷ್ಟು ಗೆರೆ ಮೇಲೆ ಅಥವಾ ಕೆಳಗೆ ಇದೆ ಅನ್ನೋ ಲೆಕ್ಕ; ಮೈನಸ್ 2ರ ಗೆರೆಯವರೆಗೂ ಕಾರ್ಡ್ ಹಸಿರು. ವಯಸ್ಸಿಗೆ ತೂಕ ಅದಕ್ಕಿಂತ ಮೇಲೇ ಇದ್ದುದರಿಂದ ಎರಡೂ ಸಲ "ಸಾಮಾನ್ಯ" ಅಂತ ಬರೆದಿದ್ದರು. ಝಡ್ ಲೆಕ್ಕ ಹಾಕಿದರೆ ಮೊದಲು -0.5, ಆಮೇಲೆ -1.6. ಮೂರು ತಿಂಗಳಲ್ಲಿ ಒಂದು ಗೆರೆಗಿಂತ ಜಾಸ್ತಿ ಇಳಿದಿದೆ, ಬಣ್ಣ ಮಾತ್ರ ಬದಲಾಗಿಲ್ಲ.

ಅದಕ್ಕೇ ನಾನು ಬಣ್ಣ ಬರೆಯುವುದನ್ನು ಬಿಟ್ಟೆ. ಈಗ ಒಂದೇ ಸಾಲು: "9 ತಿಂಗಳು, 7.5 ಕೆಜಿ, ತೂಕ -1.6 (6 ತಿಂಗಳಲ್ಲಿ -0.5, ಇಳಿಕೆ 1.1), ಉದ್ದ 70.9 ಸೆಂಮೀ, -0.5 (ಆಗಲೂ -0.5), ಬಟ್ಟೆ ಇಲ್ಲದೆ, ಭೇದಿ ಇಲ್ಲ." ಉದ್ದ ತನ್ನ ದಾರಿಯಲ್ಲೇ ಇದೆ, ತೂಕ ಮಾತ್ರ ಜಾರಿದೆ. ಅಂದರೆ ತೊಂದರೆ ಹೊಸದು. ಊಟ ಕೇಳಿದೆ. ರಾಗಿ ಸರಿಯನ್ನು ನೀರು ನೀರಾಗಿ ಮಾಡಿ ಬಾಟಲಿಯಲ್ಲಿ ಕೊಡುತ್ತಿದ್ದರು. "ಗಟ್ಟಿ ಕೊಟ್ರೆ ಗಂಟಲಿಗೆ ಸಿಗುತ್ತಮ್ಮಾ" ಅಂತ ಅಜ್ಜಿಯ ಹೆದರಿಕೆ. ಚಮಚದಿಂದ ಜಾರದಷ್ಟು ಗಟ್ಟಿ ಮಾಡಿಸಿ, ತುಪ್ಪ ಹಾಕಿಸಿ, ಮೊಟ್ಟೆ ಶುರು ಮಾಡಿಸಿದೆವು. 12 ತಿಂಗಳಿಗೆ 8.8 ಕೆಜಿ, -0.8.

ತೂಕದ ಯಂತ್ರಕ್ಕೇ ಜಾಸ್ತಿ ದುಡ್ಡು ಹೋಯಿತು. ಅಗ್ಗದ್ದು ಅಂತ ತಂದದ್ದು ಒಂದೇ ಮಗುವಿಗೆ ಎರಡು ಸಲಕ್ಕೆ ಎರಡು ತೂಕ ತೋರಿಸುತ್ತಿತ್ತು, ಸುಮಾರು ಸಾವಿರ ರೂಪಾಯಿ ನೀರಿಗೆ. 10 ಗ್ರಾಂ ತೋರಿಸುವ ಡಿಜಿಟಲ್‌ಗೆ ಮೂರು ಸಾವಿರದ ಹತ್ತಿರ ಆಯಿತು. ಉದ್ದ ಅಳೆಯುವ ಹಲಗೆಯನ್ನು ನಮ್ಮೂರ ಬಡಗಿಯೇ ಮಾಡಿಕೊಟ್ಟರು. ಅಳುವ ಮಗುವಿನ ಮೊಣಕಾಲು ಹೇಗೆ ನೆಟ್ಟಗೆ ಮಾಡಿಸುತ್ತೇನೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಬಂದು ನೋಡಿ.

ಚಳಿಗಾಲದಲ್ಲಿ ಇನ್ನೊಂದು ಆಟ ಆಡಿದೆ. ಬರುವ ಮಕ್ಕಳ ಸ್ವೆಟರ್, ಟೋಪಿ, ಪ್ಯಾಂಟ್ ಬಿಚ್ಚಿಸಿ ಬೇರೆಯಾಗಿ ತೂಗಿದೆ. ಸುಮಾರು 300 ಗ್ರಾಂ ಬಂದದ್ದೂ ಉಂಟು. ಈ ವಯಸ್ಸಿನಲ್ಲಿ ಒಂದು ಝಡ್ ಅಂದರೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ? ಬಟ್ಟೆ ಒಂದೇ 0.3ರಷ್ಟು ಇಳಿಕೆಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ 0.2, 0.3 ವ್ಯತ್ಯಾಸ ಕಂಡರೆ ನಾನು ಗಾಬರಿ ಆಗಲ್ಲ, ಮತ್ತೆ ತೂಗುತ್ತೇನೆ.

ಭೇದಿ ಆದ ವಾರದ ತೂಕಕ್ಕೆ ಚುಕ್ಕಿ ಇಡುತ್ತೇನೆ, ಆದರೆ ಅದನ್ನು ಇಳಿಕೆ ಅಂತ ಎಣಿಸಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದೇ ಚುಕ್ಕಿ ಇಡುತ್ತೇನೆ. ಝಡ್ ಲೆಕ್ಕ ಹಾಕುವ ಆ್ಯಪ್‌ಗೆ ಹುಟ್ಟಿದ ದಿನಾಂಕವಷ್ಟೇ ಹಾಕಿದರೆ ಅಂಥ ಮಗು ಸುಮ್ನೆ ಕೆಂಪಿಗೆ ಬೀಳಬಹುದು.